ಹಂಚು ಕಾಯುತ್ತದೆ, ಬೋಗುಣಿ ಕಾಯುವುದಿಲ್ಲ: ಸ್ಕಿನ್ ಎಫೆಕ್ಟ್ ಕುರಿತು ಒಂದು ಉಪನ್ಯಾಸ

(ಕಲಬುರಗಿಯ ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳು, ರಿವೈಂಡಿಂಗ್ ಕೆಲಸದವರು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಮೂರು ವಸ್ತುಗಳಿವೆ: ಒಂದು ಇಂಡಕ್ಷನ್ ಒಲೆ, ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು, ಒಂದು ಅಲ್ಯೂಮಿನಿಯಂ ಬೋಗುಣಿ. ಒಲೆಯ ಮೇಲೆ ಹಂಚು ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೈ ಸುಡುವಷ್ಟು ಕಾಯುತ್ತದೆ. ಬೋಗುಣಿ ಇಟ್ಟರೆ ಒಲೆ ಒಮ್ಮೆ ಕೂಗಿ, ತಪ್ಪಿನ ಸಂಕೇತ ತೋರಿಸಿ ನಿಂತುಬಿಡುತ್ತದೆ. ಯಾಕೆ ಎಂದು ಅಂಗಡಿಯಲ್ಲಿ ಕೇಳಿದರೆ ‘ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೆ’ ಎನ್ನುತ್ತಾರೆ. ಪಾತ್ರೆ ಕೊಳ್ಳುವಾಗ ಆಯಸ್ಕಾಂತ ಹಿಡಿದು ನೋಡುವುದು ಒಳ್ಳೆಯ ಪರೀಕ್ಷೆಯೇ. ಆದರೆ ಅದು ಉತ್ತರವಲ್ಲ. ಅಂಟುವುದಕ್ಕೂ ಕಾಯುವುದಕ್ಕೂ ಏನು ಸಂಬಂಧ? ಆ ಸಂಬಂಧ ಇರುವುದು ಲೋಹದ ಮೈಯ ಮೇಲಿನ ಒಂದು ತೀರ ತೆಳುವಾದ ಪದರದಲ್ಲಿ. ಇವತ್ತು ನಾನು ಮಾತನಾಡುವುದು ಆ ಪದರದ ಬಗ್ಗೆ, ಅದರ ದಪ್ಪವನ್ನು ಲೆಕ್ಕ ಹಾಕುವ ಬಗೆಯ ಬಗ್ಗೆ.

ಮೊದಲು ಒಂದು ತಂತಿಯನ್ನು ತೆಗೆದುಕೊಳ್ಳೋಣ. ಬ್ಯಾಟರಿಯಿಂದ ಬರುವ ಡಿಸಿ ಪ್ರವಾಹ ತಾಮ್ರದ ತಂತಿಯ ಇಡೀ ಅಡ್ಡಕೊಯ್ತದಲ್ಲಿ ಸಮನಾಗಿ ಹರಡಿಕೊಂಡು ಹರಿಯುತ್ತದೆ. ನಡುವಿನಲ್ಲಿ ಎಷ್ಟೋ, ಅಂಚಿನಲ್ಲೂ ಅಷ್ಟೇ. ಅದೇ ತಂತಿಗೆ ಏಸಿ ಕೊಟ್ಟು ಆವೃತ್ತಿಯನ್ನು ಏರಿಸುತ್ತ ಹೋದರೆ ಪ್ರವಾಹ ನಡುವನ್ನು ಬಿಟ್ಟು ಹೊರಮೈಯತ್ತ ಸರಿಯುತ್ತದೆ. ಇದೇ ಸ್ಕಿನ್ ಎಫೆಕ್ಟ್. 1883ರಲ್ಲಿ ಹೊರೇಸ್ ಲ್ಯಾಂಬ್ ಇದನ್ನು ಗೋಲಾಕಾರದ ವಾಹಕಗಳಿಗೆ ಲೆಕ್ಕ ಹಾಕಿದರು. 1885ರಲ್ಲಿ ಆಲಿವರ್ ಹೆವಿಸೈಡ್ ಎಲ್ಲ ಆಕಾರದ ವಾಹಕಗಳಿಗೂ ವಿಸ್ತರಿಸಿದರು.

ಕಾರಣ ಹೇಳುವಾಗ ಒಂದು ತಪ್ಪು ವಿವರಣೆ ಎಲ್ಲೆಡೆ ಓಡಾಡುತ್ತದೆ. ‘ಎಲೆಕ್ಟ್ರಾನುಗಳು ಒಂದನ್ನೊಂದು ವಿಕರ್ಷಿಸುತ್ತವೆ, ಆದ್ದರಿಂದ ಅಂಚಿಗೆ ಓಡುತ್ತವೆ’ ಎಂಬುದು ಅದು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿಯೂ ಹೀಗೆ ಬರೆಯುತ್ತಾರೆ, ನನಗೆ ಬಹಳ ಬೇಸರವಾಗುತ್ತದೆ. ವಿಕರ್ಷಣೆಯೇ ಕಾರಣವಾಗಿದ್ದರೆ ಡಿಸಿಯಲ್ಲಿಯೂ ಹಾಗೆಯೇ ಆಗಬೇಕಿತ್ತು. ಆಗುವುದಿಲ್ಲ. ವಾಹಕದ ಮೇಲೆ ಸುಮ್ಮನೆ ಕುಳಿತ ಹೆಚ್ಚುವರಿ ಆವೇಶ ಮೇಲ್ಮೈಗೆ ಬರುತ್ತದೆ ನಿಜ, ಆದರೆ ಅದು ಬೇರೆಯೇ ಸಂಗತಿ. ಹರಿಯುವ ಪ್ರವಾಹವನ್ನು ಹೊರಗೆ ತಳ್ಳುವುದು ಬದಲಾಗುತ್ತಿರುವ ಕಾಂತಕ್ಷೇತ್ರ.

ಅದು ಹೇಗೆಂದು ನೋಡಿ. ದಪ್ಪ ತಂತಿಯೊಂದನ್ನು ಉದ್ದಕ್ಕೆ ಓಡುವ ನೂರಾರು ಸಣ್ಣ ಎಳೆಗಳ ಕಟ್ಟು ಎಂದು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಪ್ರವಾಹದ ಸುತ್ತ ಕಾಂತರೇಖೆಗಳು ಬಳೆಗಳಾಗಿ ಸುತ್ತಿಕೊಂಡಿರುತ್ತವೆ. ತಂತಿಯ ಹೊರಗಿರುವ ಬಳೆಗಳು ಎಲ್ಲ ಎಳೆಗಳನ್ನೂ ಸಮನಾಗಿ ಸುತ್ತುತ್ತವೆ. ಆದರೆ ತಂತಿಯ ಒಳಗೂ ಬಳೆಗಳಿವೆ. ಅವು ನಡುವಿನ ಎಳೆಯನ್ನು ಸುತ್ತುತ್ತವೆ, ಅಂಚಿನ ಎಳೆಯನ್ನು ಸುತ್ತುವುದಿಲ್ಲ. ಹಾಗಾಗಿ ಅತಿ ಹೆಚ್ಚು ಕಾಂತರೇಖೆಗಳು ಸುತ್ತಿಕೊಂಡಿರುವುದು ನಟ್ಟನಡುವಿನ ಎಳೆಯನ್ನು. ಪ್ರವಾಹ ಬದಲಾದಾಗ ಈ ರೇಖೆಗಳೂ ಬದಲಾಗುತ್ತವೆ, ಫ್ಯಾರಡೆ ನಿಯಮದಂತೆ ಪ್ರತಿ ಎಳೆಯಲ್ಲೂ ಆ ಬದಲಾವಣೆಯನ್ನು ವಿರೋಧಿಸುವ ವೋಲ್ಟೇಜ್ ಹುಟ್ಟುತ್ತದೆ. ನಡುವಿನ ಎಳೆಯಲ್ಲಿ ಈ ವಿರೋಧ ಹೆಚ್ಚು, ಅಂಚಿನಲ್ಲಿ ಕಡಿಮೆ. ಎಳೆಗಳೆಲ್ಲ ಸಮಾನಾಂತರವಾಗಿ ಜೋಡಣೆಯಾಗಿರುವುದರಿಂದ, ವಿರೋಧ ಕಡಿಮೆ ಇರುವ ಕಡೆ ಹೆಚ್ಚು ಪ್ರವಾಹ ಹರಿಯುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಬದಲಾವಣೆ ವೇಗವಾಗುತ್ತದೆ, ಅಂತರ ಬೆಳೆಯುತ್ತದೆ, ಪ್ರವಾಹ ಇನ್ನಷ್ಟು ಹೊರಗೆ ಹೋಗುತ್ತದೆ. ಡಿಸಿಯಲ್ಲಿ ಬದಲಾವಣೆಯೇ ಇಲ್ಲದ ಕಾರಣ ಈ ವಿರೋಧವೂ ಇಲ್ಲ.

ಈಗ ಆ ಪದರದ ದಪ್ಪ ಎಷ್ಟು? ಇದಕ್ಕೆ ನಮ್ಮ ಊರಿನ ಬಿಸಿಲು ಸಹಾಯಕ್ಕೆ ಬರುತ್ತದೆ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗಳನ್ನು ನೀವೆಲ್ಲ ನೋಡಿದ್ದೀರಿ. ಮೇ ತಿಂಗಳ ಮಧ್ಯಾಹ್ನ ಗೋಡೆಯ ಹೊರಮೈ ಕಾದು ಕೆಂಡವಾಗಿರುತ್ತದೆ, ಒಳಮೈ ಮುಟ್ಟಿದರೆ ತಣ್ಣಗಿರುತ್ತದೆ. ಶಾಖ ಒಳಗೆ ಹೊರಟಿರುತ್ತದೆ, ಆದರೆ ನಡುದಾರಿಯಲ್ಲಿರುವಾಗಲೇ ಹೊರಗೆ ರಾತ್ರಿಯಾಗಿ ಗೋಡೆ ಆರತೊಡಗುತ್ತದೆ. ಹಗಲು-ರಾತ್ರಿಯ ಏರಿಳಿತ ಗೋಡೆಯೊಳಗೆ ಹತ್ತು-ಹದಿನೈದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಸತ್ತುಹೋಗಿರುತ್ತದೆ. ಅಳಿದುಳಿದ ಶಾಖ ಒಳಮೈಗೆ ಬರುವ ಹೊತ್ತಿಗೆ ರಾತ್ರಿ ಬಹಳ ಆಗಿರುತ್ತದೆ. ಲೋಹದೊಳಗೆ ಕಾಂತಕ್ಷೇತ್ರ ಇಳಿಯುವುದೂ ಹೀಗೆಯೇ. ಎರಡಕ್ಕೂ ಗಣಿತದ ಸಮೀಕರಣ ಒಂದೇ. ಹೊರಗಿನ ಪ್ರವಾಹ ದಿಕ್ಕು ಬದಲಿಸುವ ಮೊದಲು ಕ್ಷೇತ್ರ ಎಷ್ಟು ದೂರ ಒಳಗೆ ಇಳಿಯಬಲ್ಲದೋ ಅದೇ ಸ್ಕಿನ್ ಡೆಪ್ತ್.

ಸೂತ್ರವನ್ನು ಬಾಯಿಪಾಠ ಮಾಡಬೇಡಿ, ಮೂರು ಸಾಲಿನಲ್ಲಿ ಕಟ್ಟಿಕೊಳ್ಳಬಹುದು. ಪದರದ ದಪ್ಪ δ ಇರಲಿ. ಪದರದಲ್ಲಿ ಹರಿಯುವ ಪ್ರವಾಹದ ಸಾಂದ್ರತೆ J. ಈ ಪ್ರವಾಹವೇ ಹೊರಗಿನ ಕಾಂತಕ್ಷೇತ್ರ H ಅನ್ನು δ ದೂರದಲ್ಲಿ ತಡೆದು ನಿಲ್ಲಿಸಬೇಕು, ಆದ್ದರಿಂದ ಆಂಪಿಯರ್ ನಿಯಮದಂತೆ H ಎಂಬುದು J ಮತ್ತು δಗಳ ಗುಣಲಬ್ಧದಷ್ಟಿರುತ್ತದೆ. ಎರಡನೆಯದು ಫ್ಯಾರಡೆ ನಿಯಮ: ಬದಲಾಗುವ ಕ್ಷೇತ್ರ δ ದೂರದಲ್ಲಿ ಹುಟ್ಟಿಸುವ ವಿದ್ಯುತ್ ಕ್ಷೇತ್ರ E ಎಂಬುದು 2πf·μ·H·δ ದಷ್ಟು. ಇಲ್ಲಿ f ಆವೃತ್ತಿ. μ ಎಂದರೆ ಲೋಹ ಕಾಂತರೇಖೆಗಳನ್ನು ತನ್ನೊಳಗೆ ಎಷ್ಟು ಸೆಳೆದುಕೊಳ್ಳುತ್ತದೆ ಎಂಬ ಗುಣ, ಪರ್ಮಿಯಬಿಲಿಟಿ. ಮೂರನೆಯದು ಓಮ್‌ನ ನಿಯಮ: E ಎಂಬುದು ρ·J, ಇಲ್ಲಿ ρ ಲೋಹದ ರೋಧಶೀಲತೆ. ಮೂರನ್ನೂ ಒಂದರೊಳಗೊಂದು ಇಟ್ಟರೆ J ಎರಡೂ ಕಡೆಯಿಂದ ಹೊರಟುಹೋಗುತ್ತದೆ, δ² ಎಂಬುದು ρ ಅನ್ನು 2πfμ ದಿಂದ ಭಾಗಿಸಿದಷ್ಟು ಎಂದು ಉಳಿಯುತ್ತದೆ. ಇದು ಅಂದಾಜಿನ ದಾರಿ. ಸಮೀಕರಣವನ್ನು ಪೂರ್ತಿ ಬಿಡಿಸಿದರೆ ಛೇದದಲ್ಲಿನ 2 ಹೊರಟುಹೋಗಿ ನಿಖರ ರೂಪ ಸಿಗುತ್ತದೆ:

```
δ = √( ρ / (π f μ) )
```

ಈ ದಪ್ಪದ ನಂತರ ಪ್ರವಾಹ ಥಟ್ಟನೆ ನಿಂತುಬಿಡುವುದಿಲ್ಲ. ಮೇಲ್ಮೈಯಲ್ಲಿ 100 ಇದ್ದದ್ದು ಒಂದು δ ಆಳದಲ್ಲಿ 37ಕ್ಕೆ ಇಳಿಯುತ್ತದೆ, ಎರಡು δ ಆಳದಲ್ಲಿ ಸುಮಾರು 14ಕ್ಕೆ, ಮೂರರಲ್ಲಿ 5ಕ್ಕೆ. ಗೋಡೆಯಲ್ಲಿ ಶಾಖ ತಡವಾಗಿ ಬರುವಂತೆ ಇಲ್ಲಿಯೂ ಆಳಕ್ಕೆ ಹೋದಷ್ಟೂ ಪ್ರವಾಹ ಹಿಂದುಳಿಯುತ್ತದೆ. ಎಷ್ಟು ಹಿಂದುಳಿಯುತ್ತದೆಂದರೆ, ಮೂರು δಗಿಂತ ತುಸು ಹೆಚ್ಚು ಆಳದಲ್ಲಿ ಅದು ಮೇಲ್ಮೈಯ ಪ್ರವಾಹಕ್ಕೆ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಮೊದಲ ಬಾರಿ ಇದನ್ನು ಲೆಕ್ಕದಲ್ಲಿ ಕಂಡವರು ಯಾರೂ ನಂಬುವುದಿಲ್ಲ, ಆದರೆ ಅದು ಹಾಗೆಯೇ ಇದೆ. ಕೆಲಸಕ್ಕೆ ಬೇಕಾದ ಮಾತು ಇಷ್ಟು: ದಪ್ಪ ಲೋಹದಲ್ಲಿ ಒಟ್ಟು ರೋಧ ಎಷ್ಟಿರುತ್ತದೆಂದರೆ, ಪ್ರವಾಹ δ ದಪ್ಪದ ಒಂದೇ ಪದರದಲ್ಲಿ ಸಮನಾಗಿ ಹರಿದರೆ ಎಷ್ಟಿರುತ್ತಿತ್ತೋ ಅಷ್ಟೇ. ಆದ್ದರಿಂದಲೇ ಈ ಒಂದು ಸಂಖ್ಯೆ ಇಷ್ಟು ಉಪಯೋಗಕ್ಕೆ ಬರುತ್ತದೆ.

ಈಗ ಒಲೆಗೆ ಬರೋಣ. ಇಂಥ ಒಲೆಗಳು ಸಾಮಾನ್ಯವಾಗಿ 20 ಕಿಲೋಹರ್ಟ್ಸ್‌ಗಿಂತ ಮೇಲೆ ಕೆಲಸ ಮಾಡುತ್ತವೆ, ಇಲ್ಲದಿದ್ದರೆ ಕಿವಿಗೆ ಸಿಳ್ಳೆ ಕೇಳಿಸುತ್ತದೆ. ನಾವು 25 ಕಿಲೋಹರ್ಟ್ಸ್ ಎಂದು ಹಿಡಿಯೋಣ. ತಾಮ್ರದ ρ 1.72×10⁻⁸ ಓಮ್-ಮೀಟರ್, μ 4π×10⁻⁷. ಮೊದಲು ಛೇದ: 3.14 × 25,000 × 1.257×10⁻⁶, ಅಂದರೆ 0.0987. ρ ಅನ್ನು ಇದರಿಂದ ಭಾಗಿಸಿದರೆ 1.74×10⁻⁷. ಅದರ ವರ್ಗಮೂಲ 4.17×10⁻⁴ ಮೀಟರ್, ಅಂದರೆ ಸುಮಾರು 0.42 ಮಿಲಿಮೀಟರ್. ಪ್ರತಿ ಸಲ ಇಷ್ಟು ಮಾಡಬೇಕಾಗಿಲ್ಲ. ತಾಮ್ರಕ್ಕೆ 66 ಅನ್ನು ಹರ್ಟ್ಸ್‌ನ ವರ್ಗಮೂಲದಿಂದ ಭಾಗಿಸಿದರೆ ಉತ್ತರ ಮಿಲಿಮೀಟರಿನಲ್ಲಿ ಸಿಗುತ್ತದೆ. ಮನೆಯ 50 ಹರ್ಟ್ಸ್‌ಗೆ ಹಾಕಿ ನೋಡಿ: 9.3 ಮಿಲಿಮೀಟರ್. ಮನೆಯ ವೈರಿಂಗ್ ತಂತಿ ಇದಕ್ಕಿಂತ ಎಷ್ಟೋ ತೆಳು, ಆದ್ದರಿಂದ ಅಲ್ಲಿ ಸ್ಕಿನ್ ಎಫೆಕ್ಟ್ ಲೆಕ್ಕಕ್ಕೇ ಬರುವುದಿಲ್ಲ. ಕೈದಪ್ಪದ ಬಸ್‌ಬಾರ್ ಇದ್ದರೆ ಆಗ ಯೋಚಿಸಬೇಕು.

ಅಲ್ಯೂಮಿನಿಯಂ ಬೋಗುಣಿಗೆ ಇದೇ ಲೆಕ್ಕ ಹಾಕಿದರೆ 0.53 ಮಿಲಿಮೀಟರ್ ಬರುತ್ತದೆ. ಕಬ್ಬಿಣಕ್ಕೆ ಹಾಕುವಾಗ ಕಥೆ ಬದಲಾಗುತ್ತದೆ. ಉದಾಹರಣೆಗೆ ಅದರ ರೋಧಶೀಲತೆ 1×10⁻⁷ ಎಂದೂ, ಕಾಂತರೇಖೆಗಳನ್ನು ಸೆಳೆದುಕೊಳ್ಳುವ ಗುಣ ತಾಮ್ರದ 200 ಪಟ್ಟು ಎಂದೂ ಇಟ್ಟುಕೊಳ್ಳೋಣ. δ ಬರುವುದು ಕೇವಲ 0.07 ಮಿಲಿಮೀಟರ್! ಹಂಚು ಎಷ್ಟೇ ದಪ್ಪವಿರಲಿ, ವಿದ್ಯುತ್ತಿನ ಮಟ್ಟಿಗೆ ಅದರ ತಳದ 0.07 ಮಿಲಿಮೀಟರ್ ಮಾತ್ರ ಕೆಲಸದಲ್ಲಿದೆ. ಹುಟ್ಟುವ ಶಾಖದಲ್ಲಿ ನೂರಕ್ಕೆ 86 ಪಾಲು ಅಷ್ಟರೊಳಗೇ ಹುಟ್ಟುತ್ತದೆ. ಅಲ್ಲಿಂದ ರೊಟ್ಟಿಯವರೆಗೆ ಶಾಖ ಕಬ್ಬಿಣದ ಮೂಲಕ ಮಾಮೂಲಿನಂತೆ ಹರಿದು ಮೇಲೇರುತ್ತದೆ.

ಈಗ ಎರಡೂ ಪಾತ್ರೆಗಳ ತಳದ ರೋಧವನ್ನು ಹೋಲಿಸೋಣ. ಪದರದ ಒಂದು ಚೌಕದ ರೋಧ ಎಂದರೆ ρ ಅನ್ನು ದಪ್ಪದಿಂದ ಭಾಗಿಸಿದಷ್ಟು, ಚೌಕ ದೊಡ್ಡದಿರಲಿ ಚಿಕ್ಕದಿರಲಿ ಅದು ಅಷ್ಟೇ. ಅಲ್ಯೂಮಿನಿಯಂಗೆ ಇದು 0.05 ಮಿಲಿಓಮ್ ಬರುತ್ತದೆ, ಕಬ್ಬಿಣಕ್ಕೆ 1.4 ಮಿಲಿಓಮ್. ಅಂದರೆ ಒಂದೇ ಪ್ರವಾಹ ಹರಿದರೆ ಹಂಚಿನಲ್ಲಿ ಬೋಗುಣಿಗಿಂತ ಸುಮಾರು 26 ಪಟ್ಟು ಶಾಖ ಹುಟ್ಟುತ್ತದೆ. ಈ 26ರಲ್ಲಿ ಕಬ್ಬಿಣದ ರೋಧಶೀಲತೆಯ ಪಾಲು ಎರಡು ಪಟ್ಟಿನೊಳಗೆ ಮುಗಿಯುತ್ತದೆ. ಉಳಿದ 14 ಪಟ್ಟು ಬಂದದ್ದು 200ರ ವರ್ಗಮೂಲದಿಂದ, ಅಂದರೆ ಕಬ್ಬಿಣ ತನ್ನ ಪದರವನ್ನು ಅಷ್ಟು ತೆಳುವಾಗಿಸಿಕೊಂಡದ್ದರಿಂದ. ಆಯಸ್ಕಾಂತಕ್ಕೆ ಅಂಟುವ ಗುಣಕ್ಕೂ ಕಾಯುವುದಕ್ಕೂ ಇರುವ ಕೊಂಡಿ ಇದೇ. ಬೋಗುಣಿಯಲ್ಲಿಯೂ ಪ್ರವಾಹ ಧಾರಾಳವಾಗಿ ಹರಿಯುತ್ತದೆ, ಆದರೆ ಅದಕ್ಕೆ ಅಡ್ಡಿ ಎಷ್ಟು ಕಡಿಮೆ ಎಂದರೆ ಅದು ಒಲೆಯೊಳಗಿನ ಸುರುಳಿಯ ರೋಧಕ್ಕೆ ಹತ್ತಿರ ಬಂದುಬಿಡುತ್ತದೆ. ಆಗ ಪಾತ್ರೆಗೆ ಹೋಗಬೇಕಾದ ಶಾಖದ ದೊಡ್ಡ ಪಾಲು ಸುರುಳಿಯಲ್ಲೇ ಉಳಿದು ಒಲೆಯೇ ಕಾಯುತ್ತದೆ. ಅದಾಗದಿರಲಿ ಎಂದೇ ಒಲೆ ತನ್ನನ್ನು ತಾನು ನಿಲ್ಲಿಸಿಕೊಳ್ಳುವುದು.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಸುಮಾರು 0.015 ಮಿಲಿಮೀಟರ್ ದಪ್ಪದ್ದು, ಅಕಸ್ಮಾತ್ ಕಬ್ಬಿಣದ ಪಾತ್ರೆಯಡಿ ಸಿಕ್ಕಿಕೊಂಡರೆ ಕಾದು ಕರಗಿ ಒಲೆಯ ಗಾಜಿಗೆ ಅಂಟಿಕೊಳ್ಳಬಹುದು. ದಯವಿಟ್ಟು ಮನೆಯಲ್ಲಿ ಮಾಡಿ ನೋಡಬೇಡಿ. ಹಾಳೆಯೂ ಅಲ್ಯೂಮಿನಿಯಮ್ಮೇ, ಆಯಸ್ಕಾಂತಕ್ಕೆ ಅದೂ ಅಂಟುವುದಿಲ್ಲ. ಆದರೆ ಅದರ ದಪ್ಪ ತನ್ನ ಸ್ಕಿನ್ ಡೆಪ್ತ್‌ನ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ಪ್ರವಾಹಕ್ಕೆ ಹರಡಿಕೊಳ್ಳಲು ಜಾಗವಿಲ್ಲದೆ ಚೌಕದ ರೋಧ 1.9 ಮಿಲಿಓಮ್‌ಗೆ ಏರಿ ಕಬ್ಬಿಣದ ಸಾಲಿಗೆ ಬಂದು ನಿಲ್ಲುತ್ತದೆ. ಲೋಹ ಯಾವುದೆಂಬುದಕ್ಕಿಂತ ಪ್ರವಾಹ ಎಷ್ಟು ದಪ್ಪದಲ್ಲಿ ಹರಿಯುತ್ತಿದೆ ಎಂಬುದೇ ಇಲ್ಲಿ ನಿರ್ಣಾಯಕ.

ಇದುವರೆಗೆ ಪಾತ್ರೆಯ ಮಾತಾಯಿತು. ಪಾತ್ರೆಯಲ್ಲಿ ನಮಗೆ ಬೇಕಾದ ಗುಣವೇ ಒಲೆಯೊಳಗಿನ ಸುರುಳಿಯಲ್ಲಿ ಬೇಡವಾದದ್ದು. ರಿವೈಂಡಿಂಗ್ ಕೆಲಸದವರು ಇಲ್ಲಿದ್ದೀರಿ, ನಿಮಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಲೆಯ ಸುರುಳಿ ಬಿಚ್ಚಿ ನೋಡಿದರೆ ಅದು ಒಂದೇ ತಂತಿಯಲ್ಲ. 0.2 ಅಥವಾ 0.3 ಮಿಲಿಮೀಟರಿನ ಹತ್ತಾರು ಎಳೆಗಳು, ಪ್ರತಿಯೊಂದಕ್ಕೂ ಬೇರೆ ಎನಾಮಲ್ ಲೇಪ, ಎಲ್ಲವನ್ನೂ ಸೇರಿಸಿ ಹೊಸೆದಿರುತ್ತಾರೆ. ಇದಕ್ಕೆ ಲಿಟ್ಜ್ ತಂತಿ ಎನ್ನುತ್ತಾರೆ. ಎಳೆಯ ದಪ್ಪ ನಾವು ಲೆಕ್ಕ ಹಾಕಿದ 0.42ಕ್ಕಿಂತ ಕಡಿಮೆ ಇರುವುದನ್ನು ಗಮನಿಸಿ. ಎಳೆಯೊಳಗೆ ಪ್ರವಾಹ ಅಂಚಿಗೆ ಸರಿಯುವಷ್ಟು ಜಾಗವೇ ಇಲ್ಲ, ಇಡೀ ಎಳೆ ಕೆಲಸ ಮಾಡುತ್ತದೆ. ಹೊಸೆಯುವುದರ ಉದ್ದೇಶ ಬೇರೆ: ಪ್ರತಿ ಎಳೆಯೂ ಸರದಿಯ ಮೇಲೆ ಕಟ್ಟಿನ ನಡುವಿಗೂ ಅಂಚಿಗೂ ಬರಬೇಕು, ಆಗ ಯಾವ ಎಳೆಯೂ ಉಳಿದವಕ್ಕಿಂತ ಹೆಚ್ಚು ಕಾಂತರೇಖೆಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಎನಾಮಲ್ ಇಲ್ಲದ ಬರಿ ಎಳೆಗಳನ್ನು ಕಟ್ಟಿದರೆ ಪ್ರವಾಹ ಎಳೆಯಿಂದ ಎಳೆಗೆ ದಾಟಿ ಮತ್ತೆ ಹೊರಮೈಗೇ ಹೋಗುತ್ತದೆ.

ಸುಟ್ಟ ಸುರುಳಿಯ ಬದಲಿಗೆ ಅಷ್ಟೇ ತಾಮ್ರವಿರುವ ಒಂದೇ ದಪ್ಪ ತಂತಿ ಸುತ್ತಿದರೆ ಏನಾಗುತ್ತದೆ? 2 ಮಿಲಿಮೀಟರ್ ವ್ಯಾಸದ ತಂತಿ ತೆಗೆದುಕೊಳ್ಳಿ. ಅದರ ಅಡ್ಡಕೊಯ್ತ 3.14 ಚದರ ಮಿಲಿಮೀಟರ್. 25 ಕಿಲೋಹರ್ಟ್ಸ್‌ನಲ್ಲಿ ಹೊರಗಿನ 0.42 ಮಿಲಿಮೀಟರಿನ ಉಂಗುರ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದು ಸುಮಾರು 2.1 ಚದರ ಮಿಲಿಮೀಟರ್. ರೋಧ ಒಂದೂವರೆ ಪಟ್ಟಾಯಿತು. ನೇರ ತಂತಿಗೆ ಇಷ್ಟೇ. ಸುರುಳಿಯಲ್ಲಿ ಪಕ್ಕದ ಸುತ್ತುಗಳ ಕಾಂತಕ್ಷೇತ್ರವೂ ಸೇರಿಕೊಂಡು ಪ್ರವಾಹವನ್ನು ತಂತಿಯ ಒಂದೇ ಮಗ್ಗುಲಿಗೆ ಒತ್ತುತ್ತದೆ, ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಒಲೆ ಹೊತ್ತಿಕೊಳ್ಳುತ್ತದೆ, ನೀರೂ ಕಾಯುತ್ತದೆ, ಆದರೆ ಸುರುಳಿಯ ಲೇಪ ಕ್ರಮೇಣ ಕಂದಿ ಮತ್ತೆ ಸುಡುತ್ತದೆ. ಇಲ್ಲಿ ಮಲ್ಟಿಮೀಟರ್ ನಿಮಗೆ ಸಹಾಯ ಮಾಡುವುದಿಲ್ಲ. ಅದು ರೋಧ ಅಳೆಯುವುದು ಡಿಸಿಯಲ್ಲಿ, ಅದರ ಕಣ್ಣಿಗೆ ಎರಡೂ ಸುರುಳಿ ಒಂದೇ. ಎಲ್‌ಸಿಆರ್ ಮೀಟರಿನಲ್ಲಿ ಮೊದಲು ಕಡಿಮೆ ಆವೃತ್ತಿಗೆ, ಆಮೇಲೆ ಒಲೆಯ ಆವೃತ್ತಿಗೆ ಹತ್ತಿರದ ಆಯ್ಕೆಗೆ ಇಟ್ಟು ಅಳೆಯಿರಿ. ಲಿಟ್ಜ್ ಸುರುಳಿಯಲ್ಲಿ ಎರಡೂ ಅಳತೆ ಹತ್ತಿರ ಹತ್ತಿರ ಇರುತ್ತವೆ, ಒಂಟಿ ತಂತಿಯದರಲ್ಲಿ ದೂರ ಹೋಗುತ್ತವೆ. ಲಿಟ್ಜ್ ತಂತಿಯನ್ನೇ ಬಳಸಿದರೂ ತುದಿಯಲ್ಲಿ ಪ್ರತಿ ಎಳೆಯ ಎನಾಮಲ್ ಪೂರ್ತಿ ಹೋಗಿ ಬೆಸುಗೆ ಹಿಡಿದಿರಬೇಕು. ಹಿಡಿಯದ ಎಳೆ ಇದ್ದೂ ಇಲ್ಲದ ಹಾಗೆ.

ಸ್ಕಿನ್ ಡೆಪ್ತ್ ಅನ್ನು ಅಳತೆಯಿಂದ ಕಂಡುಕೊಳ್ಳುವುದೂ ಇದೇ ದಾರಿಯಲ್ಲಿ. δಗಿಂತ ಬಹಳ ದಪ್ಪನೆಯ ತಾಮ್ರದ ಸರಳಿನ ರೋಧವನ್ನು 10 ಕಿಲೋಹರ್ಟ್ಸ್‌ನಲ್ಲಿ ಅಳೆದು, ಮತ್ತೆ 40ರಲ್ಲಿ ಅಳೆದರೆ ಹೆಚ್ಚುಕಡಿಮೆ ಎರಡು ಪಟ್ಟು ಬರಬೇಕು. ಆವೃತ್ತಿ ನಾಲ್ಕು ಪಟ್ಟಾದರೆ ಪದರ ಅರ್ಧವಾಗುತ್ತದೆ. ಹೀಗೆ ವರ್ಗಮೂಲದ ಲೆಕ್ಕದಲ್ಲಿ ಏರಿದರೆ ಅದು ಸ್ಕಿನ್ ಎಫೆಕ್ಟ್ ಎಂದು ಖಚಿತ. ರೋಧ ಗೊತ್ತಾದರೆ ಅದರಿಂದ ಪದರದ ದಪ್ಪವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು.

ಸೂತ್ರಕ್ಕೆ ಮಿತಿಗಳೂ ಇವೆ. ತಾಮ್ರ, ಅಲ್ಯೂಮಿನಿಯಂಗಳಲ್ಲಿ ಅದನ್ನು ಕಣ್ಣುಮುಚ್ಚಿ ನಂಬಬಹುದು. ಕಬ್ಬಿಣದಲ್ಲಿ ಹಾಗಲ್ಲ. ನಾನು ಹಿಡಿದ 200 ಎಂಬುದು ಸ್ಥಿರ ಸಂಖ್ಯೆಯಲ್ಲ. ಕ್ಷೇತ್ರ ಪ್ರಬಲವಾದಾಗ ಕಬ್ಬಿಣ ಇನ್ನಷ್ಟು ಕಾಂತರೇಖೆಗಳನ್ನು ಸೆಳೆದುಕೊಳ್ಳಲಾರದೆ ಈ ಸಂಖ್ಯೆ ಕುಸಿಯುತ್ತದೆ, ಪದರ ದಪ್ಪವಾಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣದ ಆ ಗುಣವೇ ಹೋಗಿಬಿಡುತ್ತದೆ. ಅಡುಗೆಮನೆಯಲ್ಲಿ ಅಲ್ಲಿಯವರೆಗೆ ಹೋಗುವುದಿಲ್ಲ, ಆದರೆ ಇಂಡಕ್ಷನ್ ಕುಲುಮೆಯಲ್ಲಿ ಉಕ್ಕು ಕಾಯಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಎರಕದ ಕಬ್ಬಿಣದ ರೋಧಶೀಲತೆಯೂ ನಾನು ಹಿಡಿದದ್ದಕ್ಕಿಂತ ಹೆಚ್ಚು. ಹಾಗಾಗಿ 0.07 ಎಂಬುದನ್ನು ಅಂದಾಜಿನ ಪ್ರಮಾಣವೆಂದು ಮಾತ್ರ ತಿಳಿಯಿರಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತಾಯಿ ಕೇಳಿದರು: ‘ಸರ್, ನಮ್ಮ ಮನೆಯ ರೊಟ್ಟಿ ಹಂಚು ಕಬ್ಬಿಣದ್ದೇ. ಆದರೂ ಈ ಒಲೆಯ ಮೇಲೆ ರೊಟ್ಟಿ ಒಂದೇ ಸಮ ಬೇಯುವುದಿಲ್ಲ. ಯಾಕೆ?’ ಅಮ್ಮ, ಶಾಖ ಹುಟ್ಟುವುದು ಸುರುಳಿಯ ಎದುರಿಗೆ ಬರುವ ಭಾಗದಲ್ಲಿ ಮಾತ್ರ. ಸುರುಳಿ ಬಳೆಯಾಕಾರದ್ದು, ಅದರ ನಟ್ಟನಡುವೆ ತಂತಿ ಇಲ್ಲ. ಅದಕ್ಕೇ ಹಂಚಿನ ಮೇಲೆ ಬಿಸಿಯೂ ಬಳೆಯಾಗಿಯೇ ಏಳುತ್ತದೆ. ನಮ್ಮ ಕಡೆಯ ಹಂಚು ಸ್ವಲ್ಪ ಬಾಗಿರುವುದೂ ಉಂಟು. ಬಾಗಿದ ಕಡೆ ಸುರುಳಿಯಿಂದ ದೂರ ಹೆಚ್ಚಾಗಿ ಅಲ್ಲಿ ಪ್ರವಾಹ ಕಡಿಮೆಯಾಗುತ್ತದೆ. ಸಪಾಟು ತಳದ, ದಪ್ಪನೆಯ ಹಂಚು ತೆಗೆದುಕೊಂಡು, ಸಣ್ಣ ಉರಿಯಲ್ಲಿ ಕೆಲವು ನಿಮಿಷ ಕಾಯಲು ಬಿಟ್ಟು ಆಮೇಲೆ ರೊಟ್ಟಿ ಹಾಕಿದರೆ ಶಾಖ ಕಬ್ಬಿಣದಲ್ಲಿ ಹರಡಿಕೊಂಡು ಬಹುಮಟ್ಟಿಗೆ ಸಮವಾಗುತ್ತದೆ.

ಡಿಪ್ಲೊಮಾ ವಿದ್ಯಾರ್ಥಿಯೊಬ್ಬನ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು: ‘ಇಂಡಕ್ಷನ್ ತಳದ ಅಲ್ಯೂಮಿನಿಯಂ ಕುಕ್ಕರಿಗೆ ಅಡಿಯಲ್ಲಿ ಉಕ್ಕಿನ ತಟ್ಟೆ ಒತ್ತಿರುತ್ತಾರೆ. ಆ ತಟ್ಟೆ ಎಷ್ಟು ದಪ್ಪವಿದ್ದರೆ ಸಾಕು?’ ನಮ್ಮ ಲೆಕ್ಕದಲ್ಲಿ ಮೂರು δ, ಅಂದರೆ ಸುಮಾರು 0.2 ಮಿಲಿಮೀಟರ್ ಇದ್ದರೆ ಶಾಖದ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಆ ತಟ್ಟೆಯಲ್ಲೇ ಹುಟ್ಟುತ್ತದೆ, ಹಿಂದಿರುವ ಅಲ್ಯೂಮಿನಿಯಂ ಇರುವುದು ಒಲೆಗೆ ಗೊತ್ತೇ ಆಗುವುದಿಲ್ಲ. ಕ್ಷೇತ್ರ ಪ್ರಬಲವಾದಾಗ ಪದರ ದಪ್ಪವಾಗುತ್ತದೆ ಎಂದೆನಲ್ಲ, ಅದಕ್ಕೂ ಅಡುಗೆಯ ಸವೆತಕ್ಕೂ ಸೇರಿಸಿ ಅದರ ಎರಡು-ಮೂರು ಪಟ್ಟು ಇಟ್ಟರೆ ನೆಮ್ಮದಿ. ಇನ್ನು ತಟ್ಟೆಯಲ್ಲಿ ತೂತುಗಳಿದ್ದು ನಡುನಡುವೆ ಅಲ್ಯೂಮಿನಿಯಂ ಇಣುಕುತ್ತಿದ್ದರೆ, ಆ ಜಾಗಗಳಲ್ಲಿ ಶಾಖ ಹೆಚ್ಚು ಹುಟ್ಟುವುದಿಲ್ಲ. ಹಾಗಾಗಿ ಕುಕ್ಕರ್ ಕೊಳ್ಳುವಾಗ ತಟ್ಟೆಯ ದಪ್ಪಕ್ಕಿಂತ, ಅದು ತಳದ ಎಷ್ಟು ಭಾಗವನ್ನು ಮುಚ್ಚಿದೆ ಎಂಬುದನ್ನು ತಿರುಗಿಸಿ ನೋಡು ಎಂದು ಅವನಿಗೆ ಹೇಳಿದೆ.